ಹೊರಳಿದರೆ ಮನೆ ಗರಗರ: ಕಿವಿಯೊಳಗಿನ ಹರಳು ಮತ್ತು ಅದನ್ನು ಮರಳಿ ಕಳಿಸುವ ಬಗೆ

ನಮ್ಮ ಕಡೆ ‘ಚಕ್ಕರ್ ಬಂತು’ ಎನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಕವಿಯುವುದು ಒಂದು. ನಡೆಯುವಾಗ ಜೋಲಿ ಹೊಡೆಯುವುದು ಇನ್ನೊಂದು. ಕುಳಿತಲ್ಲೇ ಅಥವಾ ಮಲಗಿದಲ್ಲೇ ಮನೆಯ ಗೋಡೆ, ಫ್ಯಾನು, ಮಾಡು ಎಲ್ಲ ಗರಗರ ತಿರುಗಿದಂತಾಗುವುದು ಮೂರನೆಯದು. ಮೂರಕ್ಕೂ ಕಾರಣ ಬೇರೆ, ಉಪಾಯವೂ ಬೇರೆ. ಈ ಲೇಖನ ಮೂರನೆಯದರಲ್ಲಿಯೂ ಒಂದು ಬಗೆಯನ್ನು ಕುರಿತದ್ದು: ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಬರುವ, ಒಂದು ನಿಮಿಷದೊಳಗೆ ಇಳಿದುಹೋಗುವ ಗರಗರ. ವೈದ್ಯರು ಇದನ್ನು ‘ಪೊಸಿಷನಲ್ ವರ್ಟಿಗೊ’ ಅಥವಾ ‘ಬಿಪಿಪಿವಿ’ ಎನ್ನುತ್ತಾರೆ. ಚೀಟಿಯಲ್ಲಿ ಬಿಪಿಪಿವಿ ಎಂಬ ಅಕ್ಷರ ನೋಡಿ ಬ್ಲಡ್ ಪ್ರೆಶರ್ ಎಂದು ತಿಳಿದುಕೊಳ್ಳುವವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ತೊಂದರೆ ಬಂದವರು ಮೊದಲು ಹೆದರುತ್ತಾರೆ, ಏಕೆಂದರೆ ಗರಗರದ ಜೊತೆಗೆ ವಾಂತಿ, ಬೆವರು, ಎದೆ ಬಡಿತ ಎಲ್ಲ ಬರುತ್ತವೆ. ವಾಂತಿ ಆದ ಕೂಡಲೇ ಮನೆಯವರು ‘ಪಿತ್ತ ಆಗೈತಿ’ ಎಂದು ತೀರ್ಮಾನಿಸುತ್ತಾರೆ. ಇನ್ನು ಕೆಲವರು ಗೋಣಿನ ಮಣಿ ಸವೆದಿದೆ ಎಂದು ಎಕ್ಸ್‌ರೇ ತೆಗೆಸಿ, ಕೊರಳಿಗೆ ಪಟ್ಟಿ ಹಾಕಿಕೊಂಡು ಕೂಡುತ್ತಾರೆ. ಐವತ್ತು ದಾಟಿದ ಯಾರ ಗೋಣಿನ ಎಕ್ಸ್‌ರೇ ತೆಗೆದರೂ ಸ್ವಲ್ಪ ಸವೆತ ಕಾಣುವುದು ಸಾಮಾನ್ಯ. ಹಾಗಾಗಿ ಆ ತಪ್ಪು ಸುಲಭವಾಗಿ ಆಗುತ್ತದೆ. ನಿಜವಾದ ಕಾರಣ ಇರುವುದು ಹೊಟ್ಟೆಯಲ್ಲಿಯೂ ಅಲ್ಲ, ಗೋಣಿನಲ್ಲಿಯೂ ಅಲ್ಲ, ಕಿವಿಯ ಒಳಗೆ.

ಕಿವಿಯೊಳಗೆ ಏನಾಗುತ್ತದೆ

ಒಳಗಿವಿಗೆ ಕೇಳುವುದರ ಜೊತೆಗೆ ಇನ್ನೊಂದು ಕೆಲಸವಿದೆ. ತಲೆ ಯಾವ ಕಡೆ ವಾಲಿದೆ, ಯಾವ ಕಡೆ ತಿರುಗುತ್ತಿದೆ ಎಂದು ಅದು ಮೆದುಳಿಗೆ ಹೇಳುತ್ತಿರುತ್ತದೆ. ತಿರುಗುವುದನ್ನು ತಿಳಿಯಲು ಪ್ರತಿ ಕಿವಿಯಲ್ಲಿ ಅರ್ಧವೃತ್ತದ ಆಕಾರದ ಮೂರು ಸಣ್ಣ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿರುತ್ತದೆ. ತಲೆ ತಿರುಗಿದರೆ ದ್ರವ ಅಲುಗುತ್ತದೆ, ನರ ಅದನ್ನು ಮೆದುಳಿಗೆ ಮುಟ್ಟಿಸುತ್ತದೆ. ಈ ನಾಳಗಳ ಪಕ್ಕದಲ್ಲೇ ಒಂದು ಪುಟ್ಟ ಚೀಲವಿದೆ. ಅದರೊಳಗಿನ ಅಂಟಾದ ಹಾಸಿನ ಮೇಲೆ ಕೂದಲೆಳೆಗಿಂತ ಸಣ್ಣ ಹರಳುಗಳು ಕೂತಿರುತ್ತವೆ. ನಮ್ಮ ಸುಣ್ಣದ ಕಲ್ಲು ಯಾವುದರಿಂದ ಆಗಿದೆಯೋ ಅದೇ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಆದ ಹರಳುಗಳು ಇವು.

ಕೆಲವೊಮ್ಮೆ ಈ ಹರಳುಗಳು ಹಾಸಿನಿಂದ ಕಳಚಿ ನಾಳದೊಳಗೆ ಜಾರುತ್ತವೆ. ಹೆಚ್ಚಾಗಿ ಹೋಗುವುದು ಹಿಂಭಾಗದ ನಾಳಕ್ಕೆ, ಏಕೆಂದರೆ ನಿಂತಾಗಲೂ ಮಲಗಿದಾಗಲೂ ತಗ್ಗಿನಲ್ಲಿರುವುದು ಅದೇ. ಹರಳು ನಾಳದ ತಳದಲ್ಲಿ ಸುಮ್ಮನೆ ಕೂತಿರುವಷ್ಟು ಹೊತ್ತು ನಿಮಗೆ ಏನೂ ತಿಳಿಯುವುದಿಲ್ಲ. ನೀವು ಹೊರಳಿದಾಗ ಅದು ಉರುಳತೊಡಗುತ್ತದೆ, ದ್ರವವನ್ನು ತನ್ನ ಜೊತೆ ಎಳೆಯುತ್ತದೆ. ತಲೆ ನಿಂತಿದ್ದರೂ ಆ ಕಿವಿ ‘ತಿರುಗುತ್ತಿದೆ’ ಎಂದೇ ಹೇಳುತ್ತದೆ, ಇನ್ನೊಂದು ಕಿವಿ ಮತ್ತು ಕಣ್ಣು ‘ಇಲ್ಲ’ ಎನ್ನುತ್ತವೆ. ಈ ಜಗಳವೇ ಗರಗರ.

ಇಷ್ಟು ತಿಳಿದರೆ ರೋಗದ ಲಕ್ಷಣ ಬಾಯಿಪಾಠ ಮಾಡಬೇಕಿಲ್ಲ. ಹರಳು ಉರುಳಲು ಕೆಲವು ಸೆಕೆಂಡು ಬೇಕು. ಆದ್ದರಿಂದ ಹೊರಳಿದ ಒಂದೆರಡು ಕ್ಷಣದ ನಂತರ ಗರಗರ ಶುರುವಾಗುತ್ತದೆ. ಹರಳು ತಳ ಮುಟ್ಟಿದರೆ ಅದು ನಿಲ್ಲುತ್ತದೆ. ಆದ್ದರಿಂದ ಒಂದು ನಿಮಿಷದೊಳಗೆ ಎಲ್ಲ ಶಾಂತ. ತಲೆಯ ಭಂಗಿ ಬದಲಾದಾಗ ಮತ್ತೆ ಉರುಳುತ್ತದೆ. ಆದ್ದರಿಂದ ಹೊರಳುವಾಗ, ಮಲಗುವಾಗ, ಹಾಸಿಗೆಯಿಂದ ಏಳುವಾಗ, ಮೇಲಿನ ಮಾಡಿನಿಂದ ಡಬ್ಬಿ ತೆಗೆಯಲು ತಲೆ ಎತ್ತಿದಾಗ, ಬಗ್ಗಿ ಕಸ ಹೊಡೆಯುವಾಗ ಬರುತ್ತದೆ. ನಡುವೆ ಮಾತ್ರ ಮನುಷ್ಯ ಸರಿಯಾಗಿರುತ್ತಾನೆ, ನಡೆಯಬಲ್ಲ, ಮಾತಾಡಬಲ್ಲ. ಒಂದಿಷ್ಟು ತಲೆ ಹಗುರಾದಂತೆ, ಹೊಟ್ಟೆ ತೊಳಸಿದಂತೆ ಅನ್ನಿಸಬಹುದು, ಅಷ್ಟೆ.

ರಕ್ತದೊತ್ತಡ ಇಳಿದು ಬರುವ ಚಕ್ಕರಿಗೂ ಇದಕ್ಕೂ ಇರುವ ವ್ಯತ್ಯಾಸವೂ ಇಲ್ಲಿಯೇ ಸಿಗುತ್ತದೆ. ಒತ್ತಡ ಇಳಿಯುವುದು ಎದ್ದು ನಿಂತಾಗ. ಮಲಗಿದರೆ ಅದು ಕಡಿಮೆಯಾಗುತ್ತದೆ. ಹರಳಿನ ಗರಗರ ಮಲಗಿಕೊಂಡೇ, ತಲೆದಿಂಬಿನಿಂದ ತಲೆ ಎತ್ತದೆಯೇ, ಬರೀ ಹೊರಳಿದರೂ ಬರುತ್ತದೆ.

ಹರಳು ಏಕೆ ಕಳಚುತ್ತದೆ ಎನ್ನುವುದಕ್ಕೆ ಬಹಳ ಮಂದಿಯಲ್ಲಿ ಬೇರೆ ಕಾರಣ ಸಿಗುವುದಿಲ್ಲ, ವಯಸ್ಸೇ ಕಾರಣ. ಐವತ್ತರ ನಂತರ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ, ಬಹಳ ದಿನ ಹಾಸಿಗೆ ಹಿಡಿದ ಮೇಲೆ, ಒಳಗಿವಿಯ ಸೋಂಕಿನ ಮೇಲೆ ಬರಬಹುದು. ಎಲುಬು ತೆಳ್ಳಗಾದವರಲ್ಲಿ, ಡಿ ಜೀವಸತ್ವ ಕಡಿಮೆ ಇದ್ದವರಲ್ಲಿ ಇದು ಮರಳಿ ಮರಳಿ ಬರುವ ಸಂಭವ ಹೆಚ್ಚು.

ವೈದ್ಯರ ಹತ್ತಿರ ಏನು ಹೇಳಬೇಕು

ನಮ್ಮಲ್ಲಿ ಮನೆಯ ಮಾತು ಕನ್ನಡ, ದವಾಖಾನೆಯ ಮಾತು ಮರಾಠಿ. ‘ಚಕ್ಕರ್ ಯೇತೇ’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಮೂರರಲ್ಲಿ ಯಾವುದೆಂದು ತಿಳಿಯುವುದಿಲ್ಲ. ಗರಗರ ಎಂಬ ಮಾತು ಎರಡೂ ಭಾಷೆಯಲ್ಲಿ ಇರುವುದು ನಮ್ಮ ಪುಣ್ಯ. ‘ಕೂಸ್ ಬದಲತಾನಾ ಗರಗರತಂ’ ಎಂದರೆ ಹೊರಳುವಾಗ ಮನೆ ತಿರುಗುತ್ತದೆ ಎಂದಾಯಿತು. ಕಣ್ಣಿಗೆ ಕತ್ತಲೆ ಬರುವುದಾದರೆ ‘ಅಂಧಾರೀ ಯೇತೇ’, ಜೋಲಿ ಹೋಗುವುದಾದರೆ ‘ತೋಲ್ ಜಾತೋ’. ಇದರ ಜೊತೆಗೆ ಮೂರು ಸಂಗತಿ ಹೇಳಿ: ಎಷ್ಟು ಹೊತ್ತು ಇರುತ್ತದೆ, ಯಾವ ಮಗ್ಗುಲಿಗೆ ಹೊರಳಿದರೆ ಹೆಚ್ಚು, ಕಿವಿ ಕೇಳಿಸುವುದರಲ್ಲಿ ವ್ಯತ್ಯಾಸ ಆಗಿದೆಯೇ. ಹರಳಿನ ತೊಂದರೆಯಿಂದ ಕಿವುಡು ಬರುವುದಿಲ್ಲ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ವೈದ್ಯರು ನಿಮ್ಮನ್ನು ಕೂರಿಸಿ, ತಲೆಯನ್ನು ಒಂದು ಕಡೆಗೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ತಲೆ ಸ್ವಲ್ಪ ಕೆಳಗೆ ಇಳಿಯುವಂತೆ ಹಿಡಿದು ಕಣ್ಣುಗಳನ್ನು ನೋಡುತ್ತಾರೆ. ಹರಳು ಆ ಕಿವಿಯಲ್ಲಿದ್ದರೆ ಕೆಲವು ಸೆಕೆಂಡಿನಲ್ಲಿ ಗರಗರ ಬಂದು ಕಣ್ಣಿನ ಗುಡ್ಡೆ ತಿರುಚಿಕೊಂಡು ಮೇಲಕ್ಕೆ ಜಗ್ಗಿದಂತೆ ಅದುರುತ್ತದೆ. 1952ರಲ್ಲಿ ಲಂಡನ್ನಿನ ವೈದ್ಯರಾದ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ವಿವರಿಸಿದ ಈ ಪರೀಕ್ಷೆ ಅವರ ಹೆಸರಿನಿಂದಲೇ ನಡೆದುಬಂದಿದೆ. ಕಷ್ಟ ಎನ್ನಿಸಿದರೂ ಆಗ ಕಣ್ಣು ಮುಚ್ಚಬಾರದು, ವೈದ್ಯರು ನೋಡಬೇಕಾದದ್ದು ಕಣ್ಣನ್ನೇ. ಈ ಹರಳು ಎಕ್ಸ್‌ರೇಯಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಕಾಣುವುದಿಲ್ಲ.

ಹೋಗಬೇಕಾದ್ದು ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ. ದವಾಖಾನೆಯ ಫಲಕದಲ್ಲಿ ‘ಕಾನ್, ನಾಕ್, ಘಸಾ’ ಎಂದು ಇರುತ್ತದೆ. ಕೊಲ್ಹಾಪುರದ ಸಿ.ಪಿ.ಆರ್. ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆ, ಅಲ್ಲಿ ಈ ವಿಭಾಗವಿದೆ. ಇಚಲಕರಂಜಿಯವರು ಐ.ಜಿ.ಎಂ. ಆಸ್ಪತ್ರೆಯಲ್ಲಿ, ಗಡಹಿಂಗ್ಲಜದವರು ಉಪಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಬೇಕಾದರೆ ಮುಂದೆ ಹೋಗಬಹುದು.

ಗುಳಿಗೆ ಏಕೆ ಸಾಲದು

ಚಕ್ಕರಿನ ಗುಳಿಗೆಗಳು ಒಳಗಿವಿಯ ಸುದ್ದಿಯನ್ನು ಮಬ್ಬು ಮಾಡುತ್ತವೆ, ವಾಂತಿ ತಡೆಯುತ್ತವೆ. ಮೊದಲ ಒಂದೆರಡು ದಿನ ಅದರಿಂದ ಸುಖ ಸಿಗಬಹುದು. ಆದರೆ ನಾಳಕ್ಕೆ ಬಿದ್ದ ಹರಳನ್ನು ಯಾವ ಗುಳಿಗೆಯೂ ಎತ್ತಿ ತರುವುದಿಲ್ಲ. ವಾರಗಟ್ಟಲೆ ನುಂಗಿದರೆ ಮಂಪರು ಹೆಚ್ಚಿ, ವಯಸ್ಸಾದವರು ಬೀಳುವ ಭಯವೇ ಜಾಸ್ತಿ. ಹರಳು ಜಾರಿದ ದಾರಿಯಲ್ಲೇ ಅದನ್ನು ಹಿಂದಕ್ಕೆ ಉರುಳಿಸಬೇಕು. ಅದಕ್ಕೆ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿದರೆ ಸಾಕು. ಅಮೆರಿಕದ ಜಾನ್ ಎಪ್ಲಿ ಎಂಬ ಕಿವಿ ವೈದ್ಯರು ರೂಪಿಸಿ 1992ರಲ್ಲಿ ಪ್ರಕಟಿಸಿದ ಈ ಕ್ರಮ ಇಂದು ಎಲ್ಲ ಕಡೆ ಮೊದಲ ಚಿಕಿತ್ಸೆ. ಒಂದೆರಡು ಸಲ ಸರಿಯಾಗಿ ಮಾಡಿದರೆ ಹತ್ತರಲ್ಲಿ ಸುಮಾರು ಎಂಟು ಮಂದಿಗೆ ಗುಣವಾಗುತ್ತದೆ.

ಒಂದು ಉದಾಹರಣೆಯಲ್ಲಿ ಎಪ್ಲಿ ಕ್ರಮ

ಇಚಲಕರಂಜಿಯ ಅರವತ್ತೆರಡು ವರ್ಷದ ಒಬ್ಬ ತಾಯಿ ಎಂದಿಟ್ಟುಕೊಳ್ಳೋಣ. ನಾಲ್ಕು ದಿನದಿಂದ ಬಲಮಗ್ಗುಲಿಗೆ ಹೊರಳಿದರೆ ಅರ್ಧ ನಿಮಿಷ ಗರಗರ, ಎಡಕ್ಕೆ ಹೊರಳಿದರೆ ಏನೂ ಇಲ್ಲ. ನಡೆಯುವುದು, ಮಾತು, ಕೇಳಿಸುವುದು ಎಲ್ಲ ಸರಿ. ವೈದ್ಯರು ಪರೀಕ್ಷಿಸಿ ಬಲಗಿವಿ ಎಂದು ಖಚಿತ ಮಾಡಿ ಒಮ್ಮೆ ತಾವೇ ಮಾಡಿ ತೋರಿಸಿದ್ದಾರೆ. ಮನೆಯಲ್ಲಿ ಮತ್ತೆ ಮಾಡಬೇಕಾದಾಗ ಆಕೆ ಮಾಡಬೇಕಾದದ್ದು ಹೀಗೆ. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ, ಪಕ್ಕದಲ್ಲಿ ಒಬ್ಬರಿರಲಿ, ಒಂದು ಬುಟ್ಟಿಯೋ ಬಕೆಟ್ಟೋ ಇರಲಿ.

ಒಂದು: ಮಂಚದ ಮೇಲೆ ಕಾಲು ಚಾಚಿ ಕೂಡಬೇಕು. ಮಲಗಿದಾಗ ಭುಜದ ಕೆಳಗೆ ಬರುವಂತೆ ಹಿಂದೆ ಒಂದು ತಲೆದಿಂಬು ಇಡಬೇಕು. ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಬೇಕು. ಅಂದರೆ ನೇರ ಮುಂದಕ್ಕೂ ಬಲಭುಜಕ್ಕೂ ಸರಿಯಾಗಿ ನಡುವೆ ಮೂಗು ಇರಬೇಕು.

ಎರಡು: ತಲೆಯನ್ನು ಹಾಗೆಯೇ ಇಟ್ಟುಕೊಂಡು ಹಿಂದಕ್ಕೆ ಮಲಗಬೇಕು. ಬಹಳ ನಿಧಾನವೂ ಬೇಡ, ಜಗ್ಗಿದಂತೆಯೂ ಬೇಡ. ಭುಜ ದಿಂಬಿನ ಮೇಲೆ, ತಲೆ ಹಾಸಿಗೆಯ ಮೇಲೆ. ಹೀಗಾದರೆ ಗೋಣು ತುಸು ಹಿಂದಕ್ಕೆ ಬಾಗುತ್ತದೆ. ಇಲ್ಲಿ ಗರಗರ ಬರುತ್ತದೆ, ಬರಲೇಬೇಕು. ಅದು ಹರಳು ಚಲಿಸಿದ ಗುರುತು. ಅದು ನಿಲ್ಲುವವರೆಗೆ ಕಾಯಬೇಕು. ಬೇಗ ನಿಂತರೂ ಒಟ್ಟು ಒಂದು ನಿಮಿಷ ಅಲ್ಲಿಯೇ ಇರಬೇಕು.

ಮೂರು: ತಲೆಯನ್ನು ಎತ್ತದೆ ಎಡಕ್ಕೆ 90 ಡಿಗ್ರಿ ತಿರುಗಿಸಬೇಕು. ಈಗ ಮೂಗು ಎಡಗಡೆಗೆ ಅರ್ಧ ತಿರುಗಿರುತ್ತದೆ. ಮತ್ತೆ ಒಂದು ನಿಮಿಷ.

ನಾಲ್ಕು: ಈಗ ತಲೆ ಮತ್ತು ಮೈ ಎರಡನ್ನೂ ಒಟ್ಟಿಗೆ ಎಡಕ್ಕೆ ಹೊರಳಿಸಿ ಎಡಮಗ್ಗುಲಿಗೆ ಬರಬೇಕು. ಮೂಗು ಹಾಸಿಗೆಯ ಕಡೆಗೆ, ನೆಲ ನೋಡುವಂತೆ ಇರಬೇಕು. ಇಲ್ಲಿಯೂ ಒಂದು ನಿಮಿಷ.

ಐದು: ಗದ್ದವನ್ನು ಎದೆಯ ಕಡೆ ಸ್ವಲ್ಪ ಬಾಗಿಸಿ, ಕಾಲುಗಳನ್ನು ಮಂಚದಿಂದ ಎಡಬದಿಗೆ ಇಳಿಬಿಟ್ಟು, ಮೊಣಕೈ ಊರಿ ನಿಧಾನ ಎದ್ದು ಕೂಡಬೇಕು. ಈ ಹೊತ್ತಿನಲ್ಲಿ ಒಮ್ಮೆ ಜೋರಾಗಿ ಎಳೆದಂತೆ ಆಗಬಹುದು, ಆದ್ದರಿಂದಲೇ ಜೊತೆಯವರು ಹಿಡಿದಿರಬೇಕು. ಹತ್ತು ನಿಮಿಷ ಕೂತು ಆಮೇಲೆ ಏಳಬೇಕು.

ಎಡಗಿವಿಯ ತೊಂದರೆಯಾದರೆ ಎಲ್ಲವೂ ತಿರುವುಮುರುವು: ಮೊದಲು ಎಡಕ್ಕೆ, ಕೊನೆಗೆ ಬಲಮಗ್ಗುಲಿಗೆ.

ಮನೆಯಲ್ಲಿ ಆಗುವ ತಪ್ಪುಗಳು ಹೆಚ್ಚಾಗಿ ಎರಡು. ಗರಗರ ಬಂದ ಕೂಡಲೇ ಹೆದರಿ ಎದ್ದು ಕೂಡುವುದು ಒಂದು. ಅರ್ಧ ದಾರಿ ಬಂದ ಹರಳು ಅಲ್ಲಿಂದ ಮರಳಿ ಕೆಳಗೆ ಜಾರುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಎರಡನೆಯ ಹೆಜ್ಜೆಯಿಂದ ಮೂರಕ್ಕೆ ಹೋಗುವಾಗ ತಲೆ ಎತ್ತುವುದು ಇನ್ನೊಂದು.

ದಿನಕ್ಕೆ ಒಂದು ಸಲ ಮಾಡಿ, ಹೊರಳಿದರೂ ಗರಗರ ಬಾರದೆ ಒಂದು ದಿನ ಕಳೆದರೆ ನಿಲ್ಲಿಸಬಹುದು. ಆಮೇಲೆ ಕೆಲವು ದಿನ ನಡೆಯುವಾಗ ಹಗುರಾದಂತೆ, ದೋಣಿಯಲ್ಲಿ ಇದ್ದಂತೆ ಅನ್ನಿಸುವುದು ಸಹಜ, ಅದು ತಾನೇ ಹೋಗುತ್ತದೆ. ಕುಳಿತೇ ನಿದ್ರೆ ಮಾಡಬೇಕು, ಕೊರಳಿಗೆ ಪಟ್ಟಿ ಕಟ್ಟಬೇಕು ಎಂದು ಹಿಂದೆ ಹೇಳುತ್ತಿದ್ದರು, ಅದರ ಅಗತ್ಯವಿಲ್ಲ. ಒಂದು ವಾರದಲ್ಲಿ ಗುಣವಾಗದಿದ್ದರೆ ಅಥವಾ ಕ್ರಮ ಮಾಡಿದ ಮೇಲೆ ಎರಡೂ ಮಗ್ಗುಲಿಗೆ ಜೋರು ಗರಗರ ಬರತೊಡಗಿದರೆ ಹರಳು ಬೇರೆ ನಾಳಕ್ಕೆ ಹೋಗಿರಬಹುದು. ಮೊದಲಿನಿಂದಲೇ ಎರಡೂ ಕಡೆ ಬರುತ್ತಿದ್ದವರಿಗೂ ಇದೇ ಮಾತು. ಆ ನಾಳಕ್ಕೆ ಬೇರೆಯೇ ಕ್ರಮ ಇದೆ, ಅದನ್ನು ವೈದ್ಯರಿಂದ ಮಾಡಿಸಿಕೊಳ್ಳಬೇಕು.

ಯಾವ ಕಿವಿ ಎಂಬುದು ಖಚಿತವಾಗದಿದ್ದರೆ ಅಥವಾ ದಿಂಬಿನ ಮೇಲೆ ಗೋಣು ಹಿಂದಕ್ಕೆ ಬಾಗಿಸಲು ಹೆದರಿಕೆಯಾದರೆ ವೈದ್ಯರು ಬ್ರಾಂಟ್-ಡಾರಾಫ್ ಎಂಬ ಸುಲಭದ ವ್ಯಾಯಾಮ ಹೇಳುವುದುಂಟು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ತಲೆಯನ್ನು ಎಡಕ್ಕೆ ಅರ್ಧ ತಿರುಗಿಸಿ, ಬಲಮಗ್ಗುಲಿಗೆ ಮಲಗುವುದು. ಆಗ ಮುಖ ಮಾಡಿನ ಕಡೆ ನೋಡುತ್ತದೆ. ಅರ್ಧ ನಿಮಿಷ ಅಥವಾ ಗರಗರ ನಿಲ್ಲುವವರೆಗೆ ಇದ್ದು, ಎದ್ದು ಕೂತು ಅರ್ಧ ನಿಮಿಷ ಸುಧಾರಿಸಿಕೊಂಡು, ತಲೆಯನ್ನು ಬಲಕ್ಕೆ ತಿರುಗಿಸಿ ಎಡಮಗ್ಗುಲಿಗೆ ಮಲಗುವುದು. ಹೀಗೆ ಐದು ಸಲ, ಬೆಳಿಗ್ಗೆ ಸಂಜೆ, ಎರಡು ವಾರ. ಎಪ್ಲಿಯಷ್ಟು ಬೇಗ ಫಲ ಕೊಡುವುದಿಲ್ಲ, ಆದರೆ ಕಿವಿ ಯಾವುದಾದರೂ ನಡೆಯುತ್ತದೆ.

ಯಾರು ತಾವಾಗಿ ಮಾಡಬಾರದು

ಗೋಣಿನ ಶಸ್ತ್ರಚಿಕಿತ್ಸೆ ಆದವರು, ಗೋಣು ನೋವಿನ ಜೊತೆ ಕೈ ಜೋಮು ಹಿಡಿಯುವವರು, ಸಂಧಿವಾತದಿಂದ ಗೋಣಿನ ಕೀಲು ಸಡಿಲಾದವರು, ಕೊರಳಿನ ರಕ್ತನಾಳ ಕಟ್ಟಿದೆ ಎಂದು ತಿಳಿದವರು, ಕಣ್ಣಿನ ಪರದೆ ಕಿತ್ತುಬಂದು ಇತ್ತೀಚೆಗೆ ಚಿಕಿತ್ಸೆ ಪಡೆದವರು, ಇತ್ತೀಚೆಗೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು ವೈದ್ಯರ ಎದುರಿಗೇ ಮಾಡಬೇಕು. ತುಂಬು ಗರ್ಭಿಣಿಯರೂ ಹಾಗೆಯೇ. ಮೊದಲ ಸಲ ಗರಗರ ಬಂದವರು ಯಾರೇ ಇರಲಿ, ಒಮ್ಮೆ ಪರೀಕ್ಷೆ ಮಾಡಿಸಿಕೊಂಡೇ ಮನೆಯಲ್ಲಿ ಶುರು ಮಾಡುವುದು ಒಳ್ಳೆಯದು.

ಗುಣವಾಗುವವರೆಗೆ ಬೀಳದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಏಳುವಾಗ ಮೊದಲು ಮಗ್ಗುಲಾಗಿ, ಕಾಲು ಇಳಿಬಿಟ್ಟು, ಒಂದು ನಿಮಿಷ ಕೂತು ಏಳಿ. ರಾತ್ರಿ ಮೋರಿಗೆ ಹೋಗುವ ದಾರಿಯಲ್ಲಿ ದೀಪ ಇರಲಿ. ಏಣಿ ಹತ್ತುವುದು, ಬೈಕು ಓಡಿಸುವುದು, ಪಂಚಗಂಗೆ, ಹಿರಣ್ಯಕೇಶಿಯಲ್ಲಿ ಈಜಲು ಇಳಿಯುವುದು ಬೇಡ. ಮಗ್ಗದ ಮೇಲೆ ಬಗ್ಗಿ ಎಳೆ ಜೋಡಿಸುವ ಕೆಲಸವಿದ್ದವರು ಅಷ್ಟು ದಿನ ಚಲಿಸುವ ಯಂತ್ರದಿಂದ ದೂರದ ಕೆಲಸ ಕೇಳಿಕೊಳ್ಳಬೇಕು.

ಕಾಯಬಾರದ ಹೊತ್ತು

ಎಲ್ಲ ಗರಗರವೂ ಹರಳಿನದಲ್ಲ. ಮೆದುಳಿನ ಹಿಂಭಾಗಕ್ಕೆ ರಕ್ತ ಕಟ್ಟಿದಾಗಲೂ ಗರಗರ ಬರುತ್ತದೆ. ಅಲ್ಲಿ ‘ಕೈಕಾಲು ಆಡ್ತಾವಲ್ಲ, ಲಕ್ವ ಅಲ್ಲ’ ಎಂಬ ಸಮಾಧಾನ ಮೋಸ ಮಾಡುತ್ತದೆ. ಆ ಬಗೆಯ ಪಾರ್ಶ್ವವಾಯುವಿನಲ್ಲಿ ಕೈಕಾಲಿನ ಶಕ್ತಿ ಪೂರ್ತಿ ಸರಿಯಿರಬಹುದು, ಮೊದಲ ದಿನದ ಸಿ.ಟಿ. ಸ್ಕ್ಯಾನಿನಲ್ಲಿಯೂ ಏನೂ ಕಾಣದಿರಬಹುದು. ಬೇರ್ಪಡಿಸುವ ಗುರುತು ಬೇರೆ. ಹರಳಿನ ಗರಗರ ಅಲುಗದೆ ಮಲಗಿದರೆ ಒಂದು ನಿಮಿಷದಲ್ಲಿ ನಿಲ್ಲುತ್ತದೆ, ನಿಂತ ಮೇಲೆ ಮನುಷ್ಯ ನಡೆಯಬಲ್ಲ. ಅಲುಗದೆ ಮಲಗಿದ್ದರೂ ಗಂಟೆಗಟ್ಟಲೆ ನಿಲ್ಲದ ಗರಗರ, ಆಧಾರವಿಲ್ಲದೆ ಕೂಡಲು ನಿಲ್ಲಲು ಆಗದಂತೆ ಒಂದು ಕಡೆಗೆ ಬೀಳುವುದು, ಇವು ಹರಳಿನ ಲಕ್ಷಣವಲ್ಲ.

ಇದರ ಜೊತೆಗೆ ಅಥವಾ ಇದಿಲ್ಲದೆಯೂ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮುಖ ಜೋಮು ಹಿಡಿದರೆ, ಒಂದು ಎರಡಾಗಿ ಕಂಡರೆ, ನೀರು ನುಂಗಲು ಬರದಿದ್ದರೆ, ಹಿಂದೆಂದೂ ಇಲ್ಲದ ತಲೆನೋವು ಅಥವಾ ಗೋಣು ನೋವು ಒಮ್ಮೆಲೇ ಬಂದರೆ, ಎಚ್ಚರ ತಪ್ಪಿದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಬೇಕು. ಕಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದೆ. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕಾಗಲಿ ಬೆಳಗಾವಿಗಾಗಲಿ ಗಂಟೆಗೂ ಮಿಕ್ಕಿದ ದಾರಿ, ಅದೂ ಆ ಗಡುವಿನಲ್ಲೇ ಸೇರುತ್ತದೆ. ಆದ್ದರಿಂದ ‘ಬೆಳಗಾಗಲಿ ನೋಡೋಣ’ ಎನ್ನಬಾರದು. ಕೊನೆಯದಾಗಿ ಯಾವ ಹೊತ್ತಿಗೆ ಸರಿಯಾಗಿದ್ದರು ಎಂಬುದನ್ನು ಗಡಿಯಾರ ನೋಡಿ ಬರೆದುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ.

ಅಂಬುಲೆನ್ಸಿನ ಅವಸರವಿಲ್ಲದಿದ್ದರೂ ಅದೇ ದಿನ ತೋರಿಸಬೇಕಾದವು ಕೆಲವಿವೆ. ಗರಗರದ ಜೊತೆ ಒಂದು ಕಿವಿ ಒಮ್ಮೆಲೇ ಕೇಳಿಸದಾದರೆ ಚಿಕಿತ್ಸೆಗೆ ಕೆಲವೇ ದಿನಗಳ ಅವಕಾಶ. ತಲೆಗೆ ಪೆಟ್ಟಾದ ಮೇಲೆ ಶುರುವಾಗಿದ್ದರೆ, ಅದರಲ್ಲೂ ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರಾದರೆ, ಮೊದಲು ತಲೆಯ ಪರೀಕ್ಷೆ ಆಗಬೇಕು. ಜ್ವರ, ಕಿವಿ ಸೋರುವುದು, ನೀರೂ ನಿಲ್ಲದಷ್ಟು ವಾಂತಿ ಇದ್ದರೂ ಹಾಗೆಯೇ. ಸಕ್ಕರೆ ಕಾಯಿಲೆಯವರು ಯಾವ ಬಗೆಯ ಚಕ್ಕರ್ ಬಂದರೂ ಮೊದಲು ಸಕ್ಕರೆ ಎಷ್ಟಿದೆ ಎಂದು ನೋಡಿಕೊಳ್ಳಬೇಕು.

ಹರಳು ಒಮ್ಮೆ ಮರಳಿ ಹೋದರೆ ಮತ್ತೆ ಎಂದೂ ಕಳಚದು ಎಂದಿಲ್ಲ. ಕೆಲವರಿಗೆ ತಿಂಗಳುಗಳ, ವರ್ಷಗಳ ನಂತರ ಮತ್ತೆ ಬರುತ್ತದೆ. ಆಗ ಹಳೆಯ ಕಿವಿಯೇ ಎಂದು ಊಹಿಸಿ ಶುರು ಮಾಡಬೇಡಿ. ಯಾವ ಮಗ್ಗುಲಿಗೆ ಹೊರಳಿದರೆ ಬರುತ್ತದೆ ಎಂದು ಹೊಸದಾಗಿ ನೋಡಿ, ಮೇಲಿನ ಗುರುತುಗಳು ಯಾವುವೂ ಇಲ್ಲವೆಂದು ಖಚಿತ ಮಾಡಿಕೊಂಡು, ಆ ಕಿವಿಗೆ ತಕ್ಕ ಕ್ರಮ ಮಾಡಿ. ವೈದ್ಯರು ‘ಬಲಗಿವಿ’, ‘ಎಡಗಿವಿ’ ಎಂದು ಬರೆದ ಚೀಟಿಯನ್ನು ತಾರೀಖಿನೊಂದಿಗೆ ಇಟ್ಟುಕೊಂಡರೆ ಮುಂದಿನ ಸಲ ಅವರಿಗೂ ನಿಮಗೂ ಕೆಲಸ ಹಗುರ.